ಕಥೆಯ ಕರಡು ‘ಕೋಳಿಬಲೆ’: ಗುರುತು ಸಿಗುವ ಸನ್ನಿವೇಶ ನಂಬುವಂತಿದೆಯೇ, ಓದಿ ತಿಳಿಸಿ

ಬಯಲುಸೀಮೆ ಓದುಗ

ಎಲ್ಲರಿಗೂ ನಮಸ್ಕಾರ. ಈ ಕಥೆಯನ್ನು ಒಂದು ವಿಶೇಷಾಂಕಕ್ಕೆ ಕಳುಹಿಸುವ ಮೊದಲು ನಿಮ್ಮ ಮುಂದೆ ಇಡುತ್ತಿದ್ದೇನೆ. ಇಬ್ಬರು ಅಪರಿಚಿತರು ಒಂದೇ ಚಹಾವನ್ನು ಹಂಚಿಕೊಂಡು ಕುಡಿಯುವಾಗ, ಬಾಲ್ಯದಲ್ಲಿ ಇಬ್ಬರೂ ಒಂದೇ ಮಕ್ಕಳ ಕಾರ್ಯಕ್ರಮವನ್ನು ನೋಡಿದ್ದರೆಂಬುದು ಗೊತ್ತಾಗುತ್ತದೆ. ಕಥೆಗಾರ ಬಲವಂತದಿಂದ ಕೂಡಿಸಿದ್ದಾನೆ ಎಂದು ಓದುಗರಿಗೆ ಅನ್ನಿಸಬಾರದು, ಹೀಗೂ ಆಗುವುದುಂಟು ಎಂದು ಅನ್ನಿಸಬೇಕು. ನನಗೆ ಬೇಕಾಗಿರುವ ಅಭಿಪ್ರಾಯ ಮುಖ್ಯವಾಗಿ ಅದರ ಬಗ್ಗೆ. ಅವರಿಬ್ಬರ ಮಾತು ಹರಕುಮುರುಕು ಹಿಂದಿಯಲ್ಲಿ ನಡೆಯುತ್ತದೆ, ಅದನ್ನು ಕನ್ನಡದಲ್ಲೇ ಬರೆದಿದ್ದೇನೆ.

*

ರಾತ್ರಿ ಎರಡೂವರೆಯ ಹೊತ್ತಿಗೆ ಚಹಾದ ಸೈಕಲ್ಲು ಆಸ್ಪತ್ರೆಯ ಹಿಂದಿನ ಗೇಟಿನ ಎದುರು, ರಸ್ತೆಯ ಆಚೆ ಬಂದು ನಿಂತಿತು. ಹನುಮಂತಪ್ಪ ಗೇಟು ಬಿಟ್ಟು ರಸ್ತೆ ದಾಟಿ ಅದರ ಹತ್ತಿರ ಹೋದ. ಸಂಜೆ ಎಂಟಕ್ಕೆ ಹತ್ತಿದ ಪಾಳಿ ಬೆಳಿಗ್ಗೆ ಎಂಟಕ್ಕೆ ಇಳಿಯುವವರೆಗೆ ಅವನಿಗೆ ಅದೊಂದೇ ಚಹಾ. ಹುಡುಗ ಕ್ಯಾನನ್ನು ಬಗ್ಗಿಸಿ ಹಿಡಿದರೂ ಒಂದು ಲೋಟದಷ್ಟೇ ಬಂದಿತು. ಹಿಂದೆ ಇನ್ನೊಬ್ಬ ಮನುಷ್ಯ ನಿಂತಿದ್ದ. ವಯಸ್ಸು ಹನುಮಂತಪ್ಪನಷ್ಟೇ, ಅರವತ್ತರ ಆಸುಪಾಸು. ತಲೆಗೆ ಟವೆಲ್ ಸುತ್ತಿಕೊಂಡು, ಎಕ್ಸ್‌ರೇ ಇದ್ದ ದೊಡ್ಡ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ.

“ಬೈ ಟು ಮಾಡಪ್ಪ,” ಎಂದ ಹನುಮಂತಪ್ಪ.

ಇಬ್ಬರೂ ಅರ್ಧರ್ಧ ಲೋಟ ಹಿಡಿದು ಗೋಡೆಗೆ ಒರಗಿದರು. ಆ ಮನುಷ್ಯನ ಮಗ ಕಟ್ಟಡದ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದ. ಸುದ್ದಿ ತಿಳಿದು ಇವನು ಎರಡು ರಾತ್ರಿ ರೈಲಿನಲ್ಲಿ ಕುಳಿತು ಒಡಿಶಾದಿಂದ ಬಂದಿದ್ದ. ಅಷ್ಟು ಹೇಳಿದ ಮೇಲೆ ಮಾತು ನಿಂತಿತು. ಪಾರಿವಾಳಗಳು ಸೇರಬಾರದೆಂದು ಗೋಡೆಯ ಪೈಪುಗಳ ಸಂದಿಗೆ ಕೋಳಿಬಲೆ ಹೊಡೆದಿದ್ದರು. ಆ ಮನುಷ್ಯ ಬಲೆಯ ಕಣ್ಣಿಗೆ ಬೆರಳು ತೂರಿಸಿ ಸ್ವಲ್ಪ ಎಳೆದು ನೋಡಿದ.

“ನಮ್ಮೂರ ಶಾಲೆಯಲ್ಲಿ ಇದೇ ಬಲೆಯಿಂದ ಮಾಡಿದ ದೊಡ್ಡ ಛತ್ರಿ ಇತ್ತು. ಅಂಗಾತ ಮಲಗಿಸಿದ ಛತ್ರಿ. ಅದರಿಂದ ಟಿವಿ ಬರುತ್ತಿತ್ತು. ನನ್ನ ಮಗ ನಂಬುವುದಿಲ್ಲ.”

ಹನುಮಂತಪ್ಪ ತಕ್ಷಣ ಏನೂ ಹೇಳಲಿಲ್ಲ. ಅವನ ಮಗಳೂ ನಂಬಿರಲಿಲ್ಲ. ಹೆಂಡತಿಯೂ ನಂಬಿರಲಿಲ್ಲ. ಸಿಂಧನೂರಿನ ಕಡೆಯ ಆ ಹಳ್ಳಿಯಲ್ಲಿ ಈಗ ಅದನ್ನು ನೆನಪಿಟ್ಟುಕೊಂಡವರು ಯಾರಾದರೂ ಇದ್ದಾರೋ ಇಲ್ಲವೋ.

“ಅದರಲ್ಲಿ ಒಂದು ಗೊಂಬೆ ಬರುತ್ತಿತ್ತು,” ಎಂದ. “ಬಂಡಿ ಹೊಡೆಯುವ ಗೊಂಬೆ. ದಾರಿಯಲ್ಲಿ ಎತ್ತು ಮಲಗಿಬಿಡುತ್ತಿತ್ತು.”

“ಕೆಂಪು ರುಮಾಲು,” ಎಂದ ಆ ಮನುಷ್ಯ.

“ಹೌದು, ಕೆಂಪು ರುಮಾಲು.”

ಹನುಮಂತಪ್ಪ ಹಾಡನ್ನು ಗುನುಗಿದ. ಅದಕ್ಕೆ ಅರ್ಥವಿದೆ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಮಗಳನ್ನೂ, ಆಮೇಲೆ ಮೊಮ್ಮಗನನ್ನೂ ಅದೇ ಹಾಡಿನಲ್ಲಿ ಮಲಗಿಸಿದ್ದ. ಎರಡನೆಯ ಸಾಲಿಗೆ ಆ ಮನುಷ್ಯ ದನಿಗೂಡಿಸಿದ. ಅವನ ಬಾಯಲ್ಲಿ ಅದೇ ಸದ್ದುಗಳು ಬಿಡಿಬಿಡಿಯಾಗಿ ಮಾತುಗಳಾದವು.

“ಇದು ನಮ್ಮ ಭಾಷೆ. ‘ಏಳೋ ಕರಿಯಾ, ಊರು ಇನ್ನೂ ದೂರ’ ಎಂದು ಇದರ ಅರ್ಥ. ಎತ್ತನ್ನು ಎಬ್ಬಿಸುವ ಹಾಡು.”

“ನಾನು ಇದರಲ್ಲೇ ಮಕ್ಕಳನ್ನು ಮಲಗಿಸಿದೆ.”

“ಮಲಗಿದರೇ?”

“ಮಲಗಿದರು.”

ಮೂರು ಗಂಟೆಯ ಸುತ್ತು ಹಾಕುವ ಹೊತ್ತಾಯಿತು. ಹನುಮಂತಪ್ಪ ಟಾರ್ಚ್ ತೆಗೆದುಕೊಂಡ. ಆ ಮನುಷ್ಯ ಲಕೋಟೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ವಾರ್ಡಿನ ಕಡೆಗೆ ಹೊರಟ.

*

ಕೆರೆಯಂಗಳ

ಕಥೆಯ ಭಾವ ಹಿಡಿಸಿತು, ಆದರೆ ಕಾಲದ ಲೆಕ್ಕ ಕೂಡುತ್ತಿಲ್ಲ. ಬೆಂಗಳೂರಿನ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಹನುಮಂತಪ್ಪನಿಗೆ ಈಗ ಅರವತ್ತರ ಹತ್ತಿರ ಎಂದರೆ ಅವನು ಮೂರನೆಯ ತರಗತಿಯಲ್ಲಿದ್ದದ್ದು 1975ರ ಸುಮಾರಿಗೆ. ಆಗ ಬೆಂಗಳೂರಿನಲ್ಲೇ ಇಲ್ಲದ ಟಿವಿ ಸಿಂಧನೂರಿನ ಹಳ್ಳಿಯ ಶಾಲೆಯಲ್ಲಿ ಇರಲು ಹೇಗೆ ಸಾಧ್ಯ? ಅವನ ವಯಸ್ಸನ್ನು ಹತ್ತು ವರ್ಷ ಇಳಿಸಿ, ದೆಹಲಿಯಿಂದ ದೇಶಕ್ಕೆಲ್ಲ ಪ್ರಸಾರವಾಗುತ್ತಿದ್ದ ಯಾವುದಾದರೂ ಹಿಂದಿ ಕಾರ್ಯಕ್ರಮವನ್ನು ಇಟ್ಟುಕೊಳ್ಳಿ. ಆಗ ಒಡಿಶಾದವನೂ ರಾಯಚೂರಿನವನೂ ಅದನ್ನು ನೋಡಿದ್ದರು ಎನ್ನುವುದಕ್ಕೆ ಯಾವ ತಕರಾರೂ ಬರುವುದಿಲ್ಲ.

ತರಂಗಾಂತರ

ಕೆರೆಯಂಗಳ ಅವರು ಹೇಳಿದ 1981ರ ದಿನಾಂಕ ಸರಿಯಾಗಿದೆ. ಆದರೆ ಕರ್ನಾಟಕದ ಹಳ್ಳಿಗಳಿಗೆ ಟಿವಿ ಬಂದದ್ದು ಬೆಂಗಳೂರಿನ ಮೂಲಕ ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಭಾರತಕ್ಕೆ ಬಳಸಲು ಕೊಟ್ಟಿತ್ತು. ಸೈಟ್ ಎಂದು ಕರೆಯುವ ಆ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪೆಟ್ಟಿಗೆಗಳನ್ನು ಕೊಟ್ಟರು. ನಮ್ಮ ರಾಜ್ಯದಿಂದ ಆಯ್ಕೆಯಾದವು ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು, ಒಡಿಶಾದಿಂದ ಢೆಂಕಾನಾಲ್, ಫುಲ್ಬಾನಿ ಮತ್ತು ಸಂಬಲ್ಪುರ. ಸಿಂಧನೂರು ರಾಯಚೂರು ಜಿಲ್ಲೆಯಲ್ಲೇ ಇದೆ. ಹಾಗಾಗಿ ಬೆಂಗಳೂರಿನ ಮಕ್ಕಳು ಟಿವಿಯನ್ನು ಕಣ್ಣಲ್ಲಿ ಕಾಣುವುದಕ್ಕೆ ಆರು ವರ್ಷ ಮೊದಲೇ ಹನುಮಂತಪ್ಪ ಅದನ್ನು ನೋಡಿರುವುದು ಪೂರ್ತಿ ಸಾಧ್ಯ.

ಕೋಳಿಬಲೆಯ ವಿಚಾರ ಈ ಕಥೆಯ ಜೀವಾಳ. ಆ ಹಳ್ಳಿಗಳ ಆಂಟೆನಾ ಸುಮಾರು ಹತ್ತು ಅಡಿ ಅಗಲದ ತಟ್ಟೆ, ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಹಾಕುವಂತಹ ತಂತಿಬಲೆ. ಅಗ್ಗದ, ಹಗುರವಾದ ವಸ್ತು, ಗಾಳಿಯನ್ನೂ ತಡೆಯುವುದಿಲ್ಲ. ಊರಿನ ಮನೆಗಳ ಮೇಲೆ ಆಮೇಲೆ ಬಂದ ಕಡ್ಡಿ ಆಂಟೆನಾ ನೋಡಿದವನಾಗಲಿ, ಡಿಶ್ ನೋಡಿದವನಾಗಲಿ ‘ಬಲೆಯ ಛತ್ರಿಯಿಂದ ಟಿವಿ ಬರುತ್ತಿತ್ತು’ ಎಂದು ಹೇಳುವುದಿಲ್ಲ. ಅಂದರೆ ಆ ಒಂದು ಮಾತಿನಿಂದಲೇ ಹನುಮಂತಪ್ಪನಿಗೆ ಎದುರಿಗಿರುವವನು ಯಾರೆಂದು ತಿಳಿಯುತ್ತದೆ.

ಇನ್ನು ಸಿಂಧನೂರಿನ ಹುಡುಗ ಒಡಿಯಾ ಹಾಡು ಕೇಳಿದ್ದು ಹೇಗೆ? ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಒಂದೂವರೆ ಗಂಟೆ ಪ್ರಸಾರವಿತ್ತು. ಅದನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡ ಎಂದು ನಾಲ್ಕು ಪಾಲು ಮಾಡಿದ್ದರು, ಒಂದೊಂದು ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. ಚಿತ್ರ ಕಳುಹಿಸುವುದಕ್ಕೆ ಇದ್ದದ್ದು ಒಂದೇ ದಾರಿ. ಆದ್ದರಿಂದ ಒಡಿಯಾ ಪಾಲು ನಡೆಯುವಾಗ ಸಿಂಧನೂರಿನ ಪೆಟ್ಟಿಗೆಯನ್ನು ಹಚ್ಚಿಟ್ಟಿದ್ದರೆ ಅಲ್ಲಿಯೂ ಅದೇ ಗೊಂಬೆ ಕಾಣುತ್ತಿತ್ತು. ನಿಮ್ಮ ಕಥೆಯಲ್ಲಿ ಕಾಕತಾಳೀಯವೆಂದು ಕಾಣುವುದಕ್ಕೆ ಕಾರಣ ಇದು. ಅದನ್ನು ಕಥೆಯೊಳಗೆ ಹೇಳಿಲ್ಲ, ನೀವು ಯೋಚಿಸಬೇಕಾದದ್ದು ಅಲ್ಲಿ. ಮೇಷ್ಟ್ರು ಪೆಟ್ಟಿಗೆಯನ್ನು ಯಾಕೆ ಆರಿಸಲಿಲ್ಲ ಎಂಬುದಕ್ಕೆ ಒಂದು ಸಾಲು ಬೇಕು.

ಹಾಡಿನ ಜಾಡು

ಇದನ್ನು ಓದುತ್ತಿದ್ದಂತೆ ಮೈ ಜುಮ್ಮೆಂದಿತು. ಆ ಗೊಂಬೆ ನನಗೆ ನೆನಪಿದೆ! ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಭಾನುವಾರ ಬೆಳಿಗ್ಗೆ ಬರುತ್ತಿತ್ತು, ಒಬ್ಬ ಮುದುಕ ಗೊಂಬೆ ಕಥೆ ಹೇಳುತ್ತಿದ್ದ, ಶೀರ್ಷಿಕೆ ಗೀತೆ ಹಿಂದಿಯಲ್ಲಿತ್ತು. ಅದರ ಹೆಸರೇನು, ವಿಡಿಯೊ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ತಿಳಿಸುವಿರಾ? ನನ್ನ ಮಗಳಿಗೆ ತೋರಿಸಬೇಕು.

ತರಂಗಾಂತರ

ಹಾಡಿನ ಜಾಡು ಅವರೇ, ನೀವು ನೋಡಿದ್ದು ತೊಂಬತ್ತರ ದಶಕದ ಕಾರ್ಯಕ್ರಮ ಇರಬೇಕು, ಅದನ್ನು ದೇಶದ ಲಕ್ಷಾಂತರ ಮನೆಗಳಲ್ಲಿ ನೋಡಿದ್ದಾರೆ. ಈ ಕಥೆಯ ಬಂಡಿ ಗೊಂಬೆ ಕಥೆಗಾರರ ಕಲ್ಪನೆ ಎಂದು ನಾನು ತಿಳಿದಿದ್ದೇನೆ. ಇಲ್ಲಿರುವ ಸಂಕಟವೇ ಬೇರೆ. ನಿಮ್ಮ ನೆನಪಿಗೆ ಜೊತೆ ಕೊಡುವವರು ಈ ವೇದಿಕೆಯಲ್ಲೇ ಹತ್ತಾರು ಜನ ಸಿಗುತ್ತಾರೆ. ಹನುಮಂತಪ್ಪನ ನೆನಪಿಗೆ ಅವನ ಪಕ್ಕದ ತಾಲ್ಲೂಕಿನಲ್ಲೂ ಜೊತೆ ಸಿಗುವ ಖಾತರಿ ಇಲ್ಲ, ಏಕೆಂದರೆ ಆಯ್ಕೆಯಾದ ಹಳ್ಳಿಗೆ ಪೆಟ್ಟಿಗೆ ಬಂತು, ಪಕ್ಕದ ಹಳ್ಳಿಗೆ ಬರಲಿಲ್ಲ.

ಸರೋಜಾ ಟೀಚರ್

ನಾನು ನಿವೃತ್ತ ಶಿಕ್ಷಕಿ. 1975ರಲ್ಲಿ ಕೆಲಸಕ್ಕೆ ಸೇರಿ ಹೊಸದು, ಆಗಿನ ರಾಯಚೂರು ಜಿಲ್ಲೆಯ, ಈಗ ಕೊಪ್ಪಳಕ್ಕೆ ಸೇರಿರುವ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ನಮ್ಮ ಶಾಲೆಗೂ ಪೆಟ್ಟಿಗೆ ಬಂದಿತ್ತು. ಅದನ್ನು ಇಷ್ಟು ವರ್ಷಗಳ ಮೇಲೆ ಒಂದು ಕಥೆಯಲ್ಲಿ ಓದುತ್ತೇನೆಂದು ಎಣಿಸಿರಲಿಲ್ಲ.

ಪೆಟ್ಟಿಗೆ ಯಾಕೆ ಆರಿಸಲಿಲ್ಲ ಎಂದು ಕೇಳಿದ್ದೀರಿ. ನಮ್ಮಲ್ಲಿ ಹಿರಿಯ ಮೇಷ್ಟ್ರು ಅದನ್ನು ನಮ್ಮ ಹೊತ್ತಿಗಿಂತ ಬಹಳ ಮೊದಲೇ ಹಚ್ಚುತ್ತಿದ್ದರು. ಚಿತ್ರ ಸರಿಯಾಗಿ ಬರುತ್ತಿದೆಯೇ ಎಂದು ನೋಡಿಕೊಳ್ಳಬೇಕು, ಕರೆಂಟು ಇರುವಾಗಲೇ ಹಚ್ಚಿಬಿಡಬೇಕು, ಒಮ್ಮೆ ಆರಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂಬ ಅಂಜಿಕೆ ಅವರಿಗೆ. ಮಕ್ಕಳನ್ನು ಎಬ್ಬಿಸಿ ಹೊರಗೆ ಕಳುಹಿಸಿದರೆ ಮತ್ತೆ ಕೂರಿಸುವುದು ಕಷ್ಟ. ಆದ್ದರಿಂದ ಅವರು ಚಾಪೆಯ ಮೇಲೆ ಕುಳಿತು ತಮಗೆ ತಿಳಿಯದ ಭಾಷೆಯನ್ನೂ ನೋಡುತ್ತಿದ್ದರು. ಮಾತು ತಿಳಿಯದ ಕಾರಣ ಹಾಡುಗಳೇ ಅವರ ಬಾಯಿಗೆ ಬೇಗ ಹತ್ತುತ್ತಿದ್ದವು. ಮಧ್ಯಾಹ್ನ ಅದೇ ಹಾಡು ಹೇಳಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರು ನನ್ನ ಕಣ್ಣ ಮುಂದಿದ್ದಾರೆ. ಯಾವ ಭಾಷೆ ಎಂದು ನಾನೂ ವಿಚಾರಿಸಲಿಲ್ಲ.

ಶಿಕ್ಷಕರಾದ ನಮಗೂ ಆ ದಸರಾ ರಜೆಯಲ್ಲಿ ವಿಜ್ಞಾನ ಪಾಠ ಮಾಡುವುದು ಹೇಗೆಂದು ಅದೇ ಪೆಟ್ಟಿಗೆಯ ಮೂಲಕ ತರಬೇತಿ ಕೊಟ್ಟರು. ಅದರಲ್ಲಿ ಕಲಿತ ಕೆಲವು ಪ್ರಯೋಗಗಳನ್ನು ನಿವೃತ್ತಿಯವರೆಗೂ ಮಾಡಿಸಿದ್ದೇನೆ.

ಒಂದು ಮಾತು ಕಥೆಗಾರರಿಗೆ. ಮರುವರ್ಷ ಜುಲೈ ಮುಗಿದ ಮೇಲೆ ಪೆಟ್ಟಿಗೆ ಹಚ್ಚಿದರೆ ಬರೀ ಚುಕ್ಕಿಗಳ ಮಳೆ. ನಿಲ್ಲುತ್ತದೆ ಎಂದು ನಮಗೆ ತಿಳಿಸಿದ್ದರು, ನಾವೂ ಮಕ್ಕಳಿಗೆ ಹೇಳಿದ್ದೆವು. ಆದರೂ ಚಿಕ್ಕ ಮಕ್ಕಳು ಬಹಳ ದಿನ ಬಂದು ಚಾಪೆ ಹಾಸುತ್ತಿದ್ದರು. ನಿಮ್ಮ ಹನುಮಂತಪ್ಪನಿಗೆ ಕಾರ್ಯಕ್ರಮ ನೆನಪಿದೆ, ಅದು ನಿಂತ ದಿನ ನೆನಪಿಲ್ಲವೇ?

ಕೆರೆಯಂಗಳ

ಟೀಚರ್, ನಿಮ್ಮ ಮಾತು ಕೇಳಿ ಸಂತೋಷವಾಯಿತು. ಈ ಪ್ರಯೋಗದ ಬಗ್ಗೆ ನಾನು ಕೇಳಿರಲಿಲ್ಲ. ಆದರೂ ಒಂದು ಅನುಮಾನ ಉಳಿದಿದೆ. ಗುಲಬರ್ಗಾದಲ್ಲಿ 1977ರಲ್ಲೇ ದೂರದರ್ಶನ ಬಂದಿತ್ತೆಂದು ನಮ್ಮ ಮಾವನವರು ಹೇಳುತ್ತಿದ್ದರು. ಹಾಗಿದ್ದರೆ ಒಂದು ವರ್ಷದ ಬಿಡುವಿನ ಮೇಲೆ ಹನುಮಂತಪ್ಪ ಮತ್ತೆ ಟಿವಿ ನೋಡಿರುತ್ತಾನೆ, ಆ ಊರಿನಲ್ಲಿ ಅದು ಯಾರೂ ನಂಬದ ವಿಷಯವಾಗಿ ಉಳಿಯುವುದಿಲ್ಲ.

ತರಂಗಾಂತರ

ನಿಮ್ಮ ಮಾವನವರು ಹೇಳಿದ್ದು ನಿಜ. ಉಪಗ್ರಹವನ್ನು ಹಿಂದಕ್ಕೆ ಕರೆಸಿಕೊಂಡ ಮೇಲೆ ಆ ಹಳ್ಳಿಗಳನ್ನು ಪೂರ್ತಿ ಕೈಬಿಡಬಾರದೆಂದು ಕೆಲವು ಕಡೆ ನೆಲದ ಮೇಲೆ ಪ್ರಸಾರ ಕೇಂದ್ರಗಳನ್ನು ಕಟ್ಟಿದರು, ಗುಲಬರ್ಗಾ ಅವುಗಳಲ್ಲಿ ಒಂದು. ಆದರೆ ನೆಲದ ಮೇಲಿನ ಗೋಪುರದ ಅಲೆ ಸುತ್ತಲಿನ ಕೆಲವು ಹತ್ತು ಕಿಲೋಮೀಟರಿನ ಆಚೆ ಹೋಗುವುದಿಲ್ಲ. ಶಹಾಬಾದಿನ ಹುಡುಗನಾಗಿದ್ದರೆ ಅವನಿಗೆ ಟಿವಿ ಮರಳಿ ಸಿಗುತ್ತಿತ್ತು, ಹೊಸ ಕಾರ್ಯಕ್ರಮಗಳು ಹಳೆಯದನ್ನು ಅಳಿಸಿ ಹಾಕುತ್ತಿದ್ದವು. ಸಿಂಧನೂರು ಅಲ್ಲಿಂದ ಬಹಳ ದೂರ. ಅಲ್ಲಿಯ ಹುಡುಗನಿಗೆ ಎಂಟನೆಯ ವಯಸ್ಸಿನಲ್ಲಿ ಬಂದ ಟಿವಿ ಒಂಬತ್ತಕ್ಕೆ ಹೋಯಿತು, ಮತ್ತೆ ಬರುವ ಹೊತ್ತಿಗೆ ಅವನು ಮಗುವಾಗಿ ಉಳಿದಿರಲಿಲ್ಲ. ಆದ್ದರಿಂದ ಊರಿನ ಹೆಸರನ್ನು ಬದಲಾಯಿಸಬೇಡಿ ಎಂದು ಕಥೆಗಾರರನ್ನು ಕೇಳಿಕೊಳ್ಳುತ್ತೇನೆ.

ಇನ್ನೊಂದು ಗಂಭೀರ ತೊಡಕಿದೆ. ಆ ಪೆಟ್ಟಿಗೆಗಳಲ್ಲಿ ಬರುತ್ತಿದ್ದದ್ದು ಕಪ್ಪು ಬಿಳುಪು ಚಿತ್ರ. ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ. ಕೆಂಪು ರುಮಾಲನ್ನು ಇಬ್ಬರಲ್ಲಿ ಯಾರೂ ನೋಡಿರಲು ಸಾಧ್ಯವಿಲ್ಲ. ಅದನ್ನು ತೆಗೆದುಹಾಕಿ.

ಒಳದನಿ

ತೆಗೆಯಬೇಡಿ ಎಂಬುದು ನನ್ನ ಕಳಕಳಿಯ ಮನವಿ. ಎಂಟು ವರ್ಷದ ಹುಡುಗ ಕಪ್ಪು ಬಿಳುಪಿನ ಗೊಂಬೆಯನ್ನು ನೋಡಿ, ತನ್ನಪ್ಪನ ರುಮಾಲಿನ ಬಣ್ಣವನ್ನು ತಾನೇ ಅದಕ್ಕೆ ಹಾಕಿಕೊಂಡಿರುತ್ತಾನೆ. ನೆನಪು ಹೀಗೆಯೇ ಖಾಲಿ ಜಾಗಗಳನ್ನು ತುಂಬಿಕೊಳ್ಳುತ್ತದೆ. ನನಗೆ ತೊಡಕಾಗಿ ಕಂಡದ್ದು ಇಬ್ಬರೂ ಕೆಂಪು ಎಂದು ಒಪ್ಪಿಕೊಳ್ಳುವುದು. ಒಬ್ಬನು ಮೊದಲು ಕೆಂಪು ಎಂದಾಗ ಇನ್ನೊಬ್ಬ ‘ಹೌದು’ ಎನ್ನುವುದು ತೀರ ಸುಲಭ, ಮಾತಿನ ಮರ್ಯಾದೆಗೂ ಹಾಗೆ ಹೇಳಿಬಿಡುತ್ತೇವೆ, ಹೇಳಿದ ಮೇಲೆ ಅದೇ ನಮ್ಮ ನೆನಪಾಗಿಬಿಡುತ್ತದೆ. ಓದುಗನಿಗೆ ಆಗ ಹನುಮಂತಪ್ಪನ ಮೇಲೆಯೇ ಅನುಮಾನ ಬರುತ್ತದೆ, ಇವನಿಗೆ ನಿಜವಾಗಿ ನೆನಪಿದೆಯೋ, ಒಂಟಿತನಕ್ಕೆ ಹೂಂಗುಟ್ಟುತ್ತಿದ್ದಾನೋ ಎಂದು.

ಅವರು ಬೇರೆ ಬೇರೆ ಬಣ್ಣ ಹೇಳಲಿ. ಇಬ್ಬರೂ ತಮ್ಮದೇ ಸರಿ ಎಂದು ಹಟ ಹಿಡಿಯಲಿ. ಹಾಡು ಕೂಡಿಕೊಂಡರೆ ಸಾಕು. ರಾಗವನ್ನು ಒಬ್ಬರು ಇನ್ನೊಬ್ಬರಿಗೆ ಸುಮ್ಮನೆ ಒಪ್ಪಿಸಲು ಆಗುವುದಿಲ್ಲ, ಎರಡನೆಯ ಸಾಲು ಗೊತ್ತಿದ್ದವನಿಗೆ ಮಾತ್ರ ಗೊತ್ತಿರುತ್ತದೆ.

ರಾತ್ರಿಪಾಳಿ

ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಿದ್ದೇನೆ, ಅದರಲ್ಲಿ ಹೆಚ್ಚಿನದು ಆಸ್ಪತ್ರೆಯ ಗೇಟು. ಕಥೆ ನನ್ನ ಮನಸ್ಸಿಗೆ ಬಹಳ ಹತ್ತಿರ ಬಂತು, ಆದ್ದರಿಂದಲೇ ಕೆಲವು ಮಾತು ಹೇಳಬೇಕಾಗಿದೆ.

ಮೊದಲನೆಯದಾಗಿ, ಹನುಮಂತಪ್ಪ ಗೇಟು ಬಿಟ್ಟು ರಸ್ತೆ ದಾಟುವುದಿಲ್ಲ. ರಾತ್ರಿ ಸೂಪರ್‌ವೈಸರ್ ಬೈಕಿನಲ್ಲಿ ಯಾವ ಹೊತ್ತಿನಲ್ಲಾದರೂ ಬರುತ್ತಾನೆ, ಗೇಟು ಖಾಲಿ ಕಂಡರೆ ಆ ದಿನದ ಕೂಲಿ ಹೋದಂತೆ. ಚಹಾದವನೇ ಗೇಟಿಗೆ ಬರುತ್ತಾನೆ, ಅವನಿಗೆ ನಮ್ಮ ಕಷ್ಟ ಗೊತ್ತಿರುತ್ತದೆ. ಎರಡನೆಯದಾಗಿ, ರಾತ್ರಿ ಹೊರಗೆ ಬಂದ ಮನುಷ್ಯ ಮತ್ತೆ ಒಳಗೆ ಹೋಗಬೇಕಾದರೆ ಅಟೆಂಡರ್ ಪಾಸ್ ತೋರಿಸಬೇಕು, ಪುಸ್ತಕದಲ್ಲಿ ಹೆಸರು, ಊರು, ವಾರ್ಡು, ಹೊತ್ತು ಬರೆಯಬೇಕು. ಓದು ಬರಹ ಬಾರದವರದ್ದನ್ನು ನಾವೇ ಬರೆದುಕೊಳ್ಳುತ್ತೇವೆ. ಎಷ್ಟೋ ಊರುಗಳ ಹೆಸರನ್ನು ನಾನು ಕಲಿತದ್ದು ಆ ಪುಸ್ತಕದಿಂದ. ಒಡಿಶಾದಿಂದ ಬಂದೆ ಎಂದು ಆ ಮನುಷ್ಯನ ಬಾಯಿಂದ ಹೇಳಿಸುವ ಅಗತ್ಯವಿಲ್ಲ. ಹನುಮಂತಪ್ಪ ಪುಸ್ತಕದಲ್ಲಿ ಊರಿನ ಹೆಸರು ಬರೆಯುವಾಗ ಅದು ಗೊತ್ತಾಗಲಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಗೇಟಿನಲ್ಲಿ ನಿಂತವನೊಂದಿಗೆ ಜನ ಮಾತಾಡುವುದು ಕಡಿಮೆ. ಶೌಚಾಲಯ ಎಲ್ಲಿ, ಔಷಧಿ ಅಂಗಡಿ ಎಲ್ಲಿ, ಅಷ್ಟೇ. ಎರಡೂವರೆಯಿಂದ ನಾಲ್ಕರವರೆಗಿನ ಹೊತ್ತು ಬಹಳ ಕೆಟ್ಟದ್ದು, ನಿದ್ದೆ ಕಾಲಿನಿಂದ ಮೇಲಕ್ಕೆ ಬರುತ್ತದೆ, ಹಳೆಯ ಹಾಡು ಗುನುಗುವುದು ನಿದ್ದೆ ತಡೆಯಲಿಕ್ಕೆ. ಹನುಮಂತಪ್ಪ ಆ ಹಾಡಿನಲ್ಲಿ ಮಕ್ಕಳನ್ನು ಮಲಗಿಸಿದ ಎಂದು ಬರೆದಿದ್ದೀರಿ, ಚೆನ್ನಾಗಿದೆ. ಆದರೆ ಈಗ ಅದೇ ಹಾಡನ್ನು ಅವನು ತಾನು ಎಚ್ಚರವಾಗಿರಲು ಗುನುಗುತ್ತಿರಬೇಕು. ಎತ್ತನ್ನು ಎಬ್ಬಿಸುವ ಹಾಡೆಂದು ತಿಳಿದಾಗ ಅವನಿಗೆ ಆಗುವುದು ಬೇರೆಯೇ ಆಗುತ್ತದೆ.

ಬಯಲುಸೀಮೆ ಓದುಗ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಇಷ್ಟು ಕಾಳಜಿಯಿಂದ ಓದಿದ್ದೀರಿ ಎಂಬುದೇ ದೊಡ್ಡದು. ಬಂಡಿ ಗೊಂಬೆ ನನ್ನ ಕಲ್ಪನೆಯೇ. ಆದರೆ ಕೋಳಿಬಲೆಯ ಛತ್ರಿಯ ಬಗ್ಗೆ ನಮ್ಮ ಸೋದರಮಾವ ಹೇಳುತ್ತಿದ್ದರು, ಅವರ ಮಾತನ್ನು ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಕಥೆ ಹುಟ್ಟಿದ್ದು ಅಲ್ಲಿಂದ.

ಸರೋಜಾ ಟೀಚರ್ ಹೇಳಿದ ಚಾಪೆಯನ್ನೂ ರಾತ್ರಿಪಾಳಿಯವರು ಹೇಳಿದ ಪುಸ್ತಕವನ್ನೂ ಅವರ ಅನುಮತಿಯಿದ್ದರೆ ಕಥೆಗೆ ತೆಗೆದುಕೊಳ್ಳುತ್ತೇನೆ. ಸೈಕಲ್ಲು ಈಗ ಗೇಟಿಗೇ ಬಂದು ನಿಲ್ಲುತ್ತದೆ. ನಡುವಿನ ಭಾಗವನ್ನು ಹೀಗೆ ತಿದ್ದಿದ್ದೇನೆ:

*

“ಅದರಲ್ಲಿ ಒಂದು ಗೊಂಬೆ ಬರುತ್ತಿತ್ತು,” ಎಂದ ಹನುಮಂತಪ್ಪ. “ಬಂಡಿ ಹೊಡೆಯುವ ಗೊಂಬೆ. ನಮ್ಮ ಪಾಠ ಅದಾಗಿರಲಿಲ್ಲ. ಆರಿಸಿದರೆ ಮತ್ತೆ ಹತ್ತುವುದಿಲ್ಲ ಎಂದು ಮೇಷ್ಟ್ರು ಹಾಗೇ ಬಿಡುತ್ತಿದ್ದರು.”

“ಹಸಿರು ರುಮಾಲಿನ ಗೊಂಬೆ.”

“ಕೆಂಪು.”

“ಹಸಿರು. ನನಗೆ ಚೆನ್ನಾಗಿ ನೆನಪಿದೆ.”

“ಕೆಂಪು ರುಮಾಲು. ನಮ್ಮಪ್ಪನದೂ ಅಂಥದ್ದೇ ಇತ್ತು.”

ಆ ಮನುಷ್ಯ ತಲೆಯಾಡಿಸಲಿಲ್ಲ, ಬಿಟ್ಟುಕೊಡಲೂ ಇಲ್ಲ. ಲೋಟದ ತಳದಲ್ಲಿ ಉಳಿದದ್ದನ್ನು ಕುಡಿದು, ಗಂಟಲು ಸರಿಮಾಡಿಕೊಂಡು, ಹಾಡಿನ ಎರಡನೆಯ ಸಾಲನ್ನು ಹೇಳಿದ. ಮೊದಲನೆಯದನ್ನು ಇನ್ನೂ ಯಾರೂ ಹಾಡಿರಲಿಲ್ಲ. ಅದನ್ನು ಹನುಮಂತಪ್ಪ ಗೇಟಿನಲ್ಲಿ ಆಗಲೇ, ಎರಡು ಗಂಟೆಯಿಂದ, ನಿದ್ದೆ ಬರದಿರಲೆಂದು ಗುನುಗುತ್ತ ನಿಂತಿದ್ದ.

*

ಕಪ್ಪು ಬಿಳುಪು ಎಂಬ ಮಾತನ್ನಾಗಲಿ, 1975 ಎಂಬ ಇಸವಿಯನ್ನಾಗಲಿ ಕಥೆಯೊಳಗೆ ಎಲ್ಲಿಯೂ ಹೇಳಿಲ್ಲ. ಹೇಳಬೇಕೇ?

ಒಳದನಿ

ಮೊದಲನೆಯ ಸಾಲನ್ನು ಹಾಡುವ ಮೊದಲೇ ಎರಡನೆಯದು ಬಂದದ್ದು ಬಹಳ ಚೆನ್ನಾಗಿದೆ. ಅವನು ಪಾಸಿಗಾಗಿ ಸಾಲಿನಲ್ಲಿ ನಿಂತಾಗಲೇ ಆ ಗುನುಗನ್ನು ಕೇಳಿಸಿಕೊಂಡಿದ್ದಾನೆ, ಬಲೆಯ ಮಾತು ತೆಗೆದದ್ದೂ ಅದಕ್ಕೇ ಎಂದು ಓದುಗನಿಗೆ ಹೊಳೆಯುತ್ತದೆ. ಈಗ ಕಾಕತಾಳೀಯದ ಪ್ರಶ್ನೆಯೇ ಬರುವುದಿಲ್ಲ, ಅವನು ಕೇಳಿಸಿಕೊಂಡು ಬೇಕೆಂದೇ ಬಂದಿದ್ದಾನೆ. ಇಸವಿ ಹೇಳಬೇಡಿ.

ಕೆರೆಯಂಗಳ

ನಾನು ಇದನ್ನು ಒಪ್ಪುವುದಿಲ್ಲ. ತರಂಗಾಂತರ ಅವರು ವಿವರಿಸದಿದ್ದರೆ ನಾನು ಈ ಕಥೆಯನ್ನು ಕಾಲದ ತಪ್ಪು ಎಂದು ಪಕ್ಕಕ್ಕಿಡುತ್ತಿದ್ದೆ. ವಿಶೇಷಾಂಕದ ಓದುಗರಲ್ಲಿ ನನ್ನಂಥವರೇ ಹೆಚ್ಚು. ಅವರಿಗೆ ಪಕ್ಕದಲ್ಲಿ ಕುಳಿತು ವಿವರಿಸುವವರು ಯಾರೂ ಇರುವುದಿಲ್ಲ. ಬಣ್ಣದ ಜಗಳವೂ ಅವರಿಗೆ ಬರೀ ಇಬ್ಬರು ಮುದುಕರ ಹಟವಾಗಿ ಕಾಣುತ್ತದೆ, ಚಿತ್ರದಲ್ಲಿ ಬಣ್ಣವೇ ಇರಲಿಲ್ಲ ಎಂದು ತಿಳಿಯುವುದು ಹೇಗೆ? ಚಹಾ ಮಾರುವ ಹುಡುಗನ ಬಾಯಲ್ಲಿ ಒಂದು ಮಾತು ಹಾಕಬಹುದು. ಅವನು ಇಬ್ಬರ ಜಗಳ ಕೇಳಿ, ‘ಆಗ ಕಲರ್ ಟಿವಿ ಇತ್ತಾ ತಾತ?’ ಎಂದು ಕೇಳಿದರೆ ಸಾಕು.

ಸರೋಜಾ ಟೀಚರ್

ಚಾಪೆಯನ್ನು ಸಂತೋಷದಿಂದ ತೆಗೆದುಕೊಳ್ಳಿ. ಹುಡುಗನ ಪ್ರಶ್ನೆ ನನಗೆ ಹಿಡಿಸಿತು, ಆದರೆ ಅದಕ್ಕೆ ಇಬ್ಬರಲ್ಲಿ ಯಾರೂ ಉತ್ತರ ಕೊಡಬಾರದು.

ರಾತ್ರಿಪಾಳಿ

ಪುಸ್ತಕವನ್ನೂ ತೆಗೆದುಕೊಳ್ಳಿ ಸರ್, ಅನುಮತಿ ಕೇಳುವ ಮಾತೇ ಇಲ್ಲ. ಚಹಾದ ಹುಡುಗನ ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ಕ್ಯಾನು ಖಾಲಿಯಾದ ಮೇಲೆ ಅವನು ಒಂದು ನಿಮಿಷವೂ ನಿಲ್ಲುವುದಿಲ್ಲ, ಮೂರು ಗಂಟೆಯೊಳಗೆ ಇನ್ನೊಂದು ಕ್ಯಾನು ತುಂಬಿಸಿಕೊಂಡು ಬಸ್ ನಿಲ್ದಾಣ ಮುಟ್ಟಬೇಕಾಗಿರುತ್ತದೆ. ಆ ಪ್ರಶ್ನೆ ಬೇಕೇ ಬೇಕೆಂದರೆ ಜೊತೆಯ ಪಾಳಿಯ ಚಿಕ್ಕ ವಯಸ್ಸಿನ ಗಾರ್ಡ್ ಒಬ್ಬನನ್ನು ತನ್ನಿ. ಹಿಂದಿನ ಗೇಟಿಗೂ ರಾತ್ರಿ ಇಬ್ಬರನ್ನು ಹಾಕುವ ಆಸ್ಪತ್ರೆಗಳಿವೆ.